ಕಪ್ಪಗಿದ್ದದ್ದೆಲ್ಲ ಕೋಗಿಲೆ ಅಲ್ಲ ಮಾರಾಯ್ರೇ (ಹಕ್ಕಿ ಸರಣಿ, ಭಾಗ 4)

ಹೋದ ವಾರ ಕ್ಲಾಸಿನ ಗೆಳತಿ ಒಂದು ಫೋಟೊ ಕಳಿಸಿದ್ಲು. ನುಗ್ಗೆಮರದ ಎಲೆ ಮಧ್ಯೆ ಒಂದು ಕಪ್ಪು ಹಕ್ಕಿ, ಹಿಂದೆ ಬೆಳ್ಳನೆ ಆಕಾಶ. ಕೆಳಗೆ "ಕೋಗಿಲೆ! ಕಣ್ಣು ಕೆಂಪಗಿದೆ ನೋಡು" ಅಂತ ಬರೆದಿದ್ಲು.

ಕಣ್ಣೇನೋ ಕೆಂಪಗೇ ಇತ್ತು. ಆದ್ರೆ ಗಂಡು ಕೋಗಿಲೆಗೂ ಕೆಂಪು ಕಣ್ಣು, ಕೆಂಬೂತಕ್ಕೂ ಕೆಂಪು ಕಣ್ಣು. ಸಾಲದ್ದಕ್ಕೆ ಚಳಿಗಾಲದಲ್ಲಿ ನಮ್ಮ ಕಡೆ ಬರೋ ಬೂದು ಕಾಜಾಣದ ಕಣ್ಣೂ ಕೆಂಪೇ. ಹಾಗಾಗಿ ಕಣ್ಣೊಂದನ್ನೇ ನಂಬಿ ಹೆಸರು ಹೇಳೋಕಾಗಲ್ಲ. ಕೊಕ್ಕಿಗೆ ಜೂಮ್ ಮಾಡಿ. ಬೆಳೆದ ಗಂಡು ಕೋಗಿಲೆಯ ಕೊಕ್ಕು ತಿಳಿಹಸಿರು. ಕೆಂಬೂತದ್ದು ಕಪ್ಪು, ದಪ್ಪ, ತುದಿ ಕೆಳಕ್ಕೆ ಬಾಗಿರುತ್ತೆ. ಕಾಜಾಣದ್ದೂ ಕಪ್ಪೇ.

ಇಲ್ಲೊಂದು ತೊಡಕಿದೆ. ಆಕಾಶ ಬೆಳ್ಳಗಿದ್ರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಹಕ್ಕಿನ ಕತ್ತಲು ಮಾಡಿಬಿಡುತ್ತೆ. ಆಗ ಹಸಿರು ಕೊಕ್ಕೂ ಕಪ್ಪಾಗಿ ಕಾಣಬಹುದು. ಅದಕ್ಕೇ ಮೊದಲು ಎಡಿಟ್‌ನಲ್ಲಿ ನೆರಳಿನ ಭಾಗವನ್ನಷ್ಟೇ ಸ್ವಲ್ಪ ಬೆಳಗಿಸಿ, ಆಮೇಲೆ ನೋಡಿ. ಗೆಳತಿಯ ಫೋಟೊ ಹಾಗೆ ಬೆಳಗಿಸಿದಾಗ ಕೊಕ್ಕು ಕಪ್ಪಗೇ ಉಳೀತು. ಎಲೆ ಸಂದಿಯಲ್ಲಿ ರೆಕ್ಕೆಯ ಒಂದು ತುಂಡು ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗ್ತು. ಅಲ್ಲಿಗೆ ತೀರ್ಮಾನ ಆಯ್ತು: ಕಪ್ಪು ಮೈ, ಕಂದುಗೆಂಪು ರೆಕ್ಕೆ ಅಂದ್ರೆ ಕೆಂಬೂತ. ಕೆಲವು ಕಡೆ ಇದನ್ನೇ ರತ್ನಪಕ್ಷಿ ಅಂತಾರೆ. ನವಿಲನ್ನ ನೋಡಿ ಪುಕ್ಕ ಕೆದರಿಕೊಳ್ತು ಅಂತ ಗಾದೆಯಲ್ಲಿ ಬೈಸಿಕೊಳ್ಳೋದೂ ಇದೇ ಪಾಪ.

ತಂತಿ ಮೇಲೆ ಕೂತ ಕಪ್ಪು ಹಕ್ಕಿಯನ್ನೂ ತುಂಬ ಜನ ಕೋಗಿಲೆ ಅಂತ ಹಾಕ್ತೀರಿ. ಅದು ಹೆಚ್ಚಾಗಿ ಕಾಜಾಣ. ಬಯಲಲ್ಲೇ ಕೂತು, ಹಾರೋ ಹುಳ ಹಿಡಿದು ಮತ್ತೆ ಅದೇ ಜಾಗಕ್ಕೆ ಬರುತ್ತೆ. ಕೋಗಿಲೆ ಎಲೆ ಮರೆಯ ಹಕ್ಕಿ, ಹಣ್ಣು ತಿನ್ನೋದೇ ಜಾಸ್ತಿ. ಕಾಜಾಣದ ಬಾಲ ಮೀನಿನ ಬಾಲದ ಥರ ಸೀಳಿರುತ್ತೆ ಅಂತ ಎಲ್ಲರಿಗೂ ಗೊತ್ತು. ಆದ್ರೆ ಗರಿ ಉದುರೋ ಸಮಯದಲ್ಲಿ ಆ ಸೀಳು ಕಾಣದೇ ಇರಬಹುದು. ಆಗ ಗಾತ್ರ ನೋಡಿ: ಬಾಲ ಸೇರಿ ಸುಮಾರು 28 ಸೆಂಟಿಮೀಟರ್, ತೆಳ್ಳಗಿನ ಮೈ. ಕೋಗಿಲೆ 43ರ ಹತ್ತಿರ, ಕೆಂಬೂತ ಅದಕ್ಕಿಂತಲೂ ಸ್ವಲ್ಪ ದೊಡ್ಡದು. ಫೋಟೊ ಚೆನ್ನಾಗಿದ್ರೆ ನಮ್ಮ ಕರಿ ಕಾಜಾಣದ ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ ಕೂಡ ಸಿಗುತ್ತೆ.

ಎಷ್ಟು ಬೆಳಗಿಸಿದ್ರೂ ಬರೀ ಕಪ್ಪು ಆಕಾರ ಉಳಿದ್ರೆ, ಹಕ್ಕಿ ಏನು ಮಾಡ್ತಿತ್ತು ಅಂತಲೂ ಬರೆದು ಕಳಿಸಿ. ಬೇಲಿ ಬುಡದಲ್ಲಿ ನೆಲದ ಮೇಲೆ ನಡೀತಿತ್ತಾ? ಹಾಗಾದ್ರೆ ಬಹುಶಃ ಕೆಂಬೂತ. "ಊಪ್ ಊಪ್" ಅಂತ ಗುಂಯ್‌ಗುಡೋ ದನಿಯೂ ಕೇಳಿದ್ರೆ ಅನುಮಾನವೇ ಬೇಡ.

ಹೆಣ್ಣು ಕೋಗಿಲೆ ಕಪ್ಪೇ ಅಲ್ಲ, ಕಂದು ಮೈ ತುಂಬ ಬಿಳಿ ಚುಕ್ಕೆ. ಅದನ್ನ ಗಿಡುಗ ಅಂದವರ ಫೋಟೊಗಳು ಭಾಗ 5ರಲ್ಲಿ.