ಪ್ರಾಸದ ಹತ್ತಿರ ಹತ್ತಿರ

ಕನ್ನಡದಲ್ಲಿ ಅಂತ್ಯಪ್ರಾಸ ಕೂಡಿಸುವುದು ಕಷ್ಟ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಕಷ್ಟವಿರುವುದು ಅದರಿಂದ ತಪ್ಪಿಸಿಕೊಳ್ಳುವುದರಲ್ಲಿ. ಯಾವ ನಾಮಪದ ಸಿಕ್ಕರೂ ಹಿಂದೆ ಒಂದು ‘ಅಲ್ಲಿ’ ಅಂಟಿಸಿ, ಇನ್ನೊಂದಕ್ಕೂ ಅದನ್ನೇ ಅಂಟಿಸಿ, ಪ್ರಾಸವಾಯಿತು. ‘ಗಳು’ ಇದೆ, ‘ಇಂದ’ ಇದೆ, ಕ್ರಿಯಾಪದಗಳಿಗೆ ‘ತ್ತದೆ’ ಇದೆ. ಕ್ರಿಯಾಪದ ವಾಕ್ಯದ ಕೊನೆಗೇ ಬಂದು ಕೂರುವ ಭಾಷೆ ನಮ್ಮದು. ವಾಕ್ಯವೂ ಸಾಲೂ ಒಟ್ಟಿಗೆ ಮುಗಿಯುವಂತೆ ಬರೆದರೆ ವ್ಯಾಕರಣವೇ ಪ್ರಾಸ ಹಾಕಿಕೊಡುತ್ತದೆ, ಕವಿ ಸುಮ್ಮನೆ ಸಹಿ ಮಾಡಿದರೆ ಸಾಕು.

ಉದಾಹರಣೆಗೆ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿಯೊಬ್ಬಳ ಮೇಲೆ ನಾಲ್ಕು ಸಾಲು ಬೇಕು ಅನ್ನಿ. ಕಾಫಿ ಆರುವುದರೊಳಗೆ ಇಷ್ಟು ಬರೆಯಬಹುದು:

ಕೊನೆಯ ಬಸ್ಸು ಹೊರಟು ಹೋಯ್ತು ಊರ ದಾರಿಯಲ್ಲಿ
ಬೀದಿ ದೀಪ ಒಂಟಿಯಾಯ್ತು ಮಂಜು ಮಬ್ಬಿನಲ್ಲಿ
ಹೂವ ಮಾರುವಜ್ಜಿ ಕುಳಿತಳೊಂದು ಮೂಲೆಯಲ್ಲಿ
ಮಾರದುಳಿದ ಮಲ್ಲೆ ಮಾಲೆ ಅವಳ ಬುಟ್ಟಿಯಲ್ಲಿ

ಛಂದಸ್ಸಿನಲ್ಲಿ ಒಂದು ಹುಳುಕೂ ಇಲ್ಲ. ಮೂರು ಮಾತ್ರೆಯ ಗಣಗಳು, ಸಾಲಿಗೆ ಏಳು. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಸಾಲಾಗಿ ನಿಂತು, ಕೈ ತಿರುಗಿಸುತ್ತಾ ಹಾಡಬಹುದು. ಪೀಡೆಯೇ ಅದು. ಅಜ್ಜಿಯ ಹೂವು ಮಾರಾಟವಾಗಿಲ್ಲ ಅನ್ನುವ ಸಂಗತಿಯನ್ನು ಪದ್ಯ ಕುಣಿಕುಣಿದು ಹೇಳುತ್ತಿದೆ.

ಈ ಕುಣಿತ ಎಲ್ಲಿಂದ ಬಂತು? ಪ್ರಾಸದ ಮೇಲೆ ತಪ್ಪು ಹೊರಿಸಿ ಅದನ್ನು ಬಿಟ್ಟುಬಿಡುವುದು ಸುಲಭ. ನವ್ಯದ ನಂತರ ಬಹಳ ಮಂದಿ ಹಾಗೆಯೇ ಮಾಡಿದರು. ಆದರೆ ಇಲ್ಲಿ ಏಳನೆಯ ಗಣವನ್ನಷ್ಟೇ ನೋಡಿ. ನಾಲ್ಕೂ ಸಾಲುಗಳಲ್ಲಿ ಅದು ಬರಿಯ ಪ್ರತ್ಯಯ. ಕಿವಿ ಕಾತರದಿಂದ ಕಾಯುವ ಜಾಗ ಅದು, ಅಲ್ಲಿಗೆ ಬರುವುದು ಅರ್ಥವೇ ಇಲ್ಲದ ಬಾಲ. ಜೊತೆಗೆ ಪ್ರತಿ ಸಾಲಿನ ಮಾತೂ ಅಲ್ಲೇ ಮುಗಿಯುತ್ತದೆ, ತಾಳವೂ ಅಲ್ಲೇ ಬೀಳುತ್ತದೆ. ದನಿ, ಅರ್ಥ, ತಾಳ ಮೂರೂ ಒಂದೇ ಮೊಳೆಗೆ ನೇತುಬಿದ್ದಾಗ ಪದ್ಯ ತೊಟ್ಟಿಲಾಗುತ್ತದೆ. ಮೂರರಲ್ಲಿ ಎರಡನ್ನು ಅತ್ತಿತ್ತ ಸರಿಸಿದರೂ ಪ್ರಾಸ ತನ್ನ ಪಾಡಿಗೆ ಉಸಿರಾಡಿಕೊಂಡಿರುತ್ತದೆ.

ನನ್ನ ಹುಚ್ಚು ಇರುವುದು ಈ ಸರಿಸುವ ಕೆಲಸದಲ್ಲಿ. ಪೂರ್ತಿ ಕೂಡದ, ಹಾಗೆಂದು ಪೂರ್ತಿ ಬಿಟ್ಟೂ ಹೋಗದ ಜೋಡಿಗಳನ್ನು ಹುಡುಕುವುದು. ಅರೆಪ್ರಾಸ ಅನ್ನೋಣ. ನಡೆಯುವಾಗ, ಸರತಿಯಲ್ಲಿ ನಿಂತಾಗ, ಜೋಡಿಗಳನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿರುತ್ತೇನೆ. ತರಕಾರಿ ಅಂಗಡಿಯ ಮುಂದೆ ‘ಸೊಪ್ಪು, ಉಪ್ಪು, ಕಪ್ಪೆ’ ಎಂದು ಗೊಣಗುತ್ತಿದ್ದಾಗ ಅಂಗಡಿಯಾತ, “ಸರ್, ಉಪ್ಪು ಪಕ್ಕದಂಗಡೀಲಿ ಸಿಗುತ್ತೆ” ಅಂದ. ಕಪ್ಪೆಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅರೆಪ್ರಾಸ ಪಶ್ಚಿಮದಿಂದ ತಂದ ಸರಕು ಎಂದು ಕೆಲವರು ತಿಳಿದಿದ್ದಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲೇ ವರ್ಗಪ್ರಾಸ, ಸಮೀಪಪ್ರಾಸ ಎಂಬ ಮಾತುಗಳಿವೆ. ಒಂದೇ ವರ್ಗದ ಅಕ್ಷರಗಳು ಎದುರಾದರೆ ವರ್ಗಪ್ರಾಸ. ದನಿಯಲ್ಲಿ ಹತ್ತಿರದ ಅಕ್ಷರಗಳು ಎದುರಾದರೆ ಸಮೀಪಪ್ರಾಸ. ಆ ಗ್ರಂಥ ಹೇಳಿದ್ದು ಸಾಲಿನ ಮೊದಲಲ್ಲಿ ಬರುವ ಎರಡನೆಯ ಅಕ್ಷರದ ಪ್ರಾಸಕ್ಕೆ. ಆ ದ್ವಿತೀಯಾಕ್ಷರ ಪ್ರಾಸವನ್ನು ಗೋವಿಂದ ಪೈಗಳು 1911ರಲ್ಲಿ ಕೈಬಿಟ್ಟರು. ಅಂತ್ಯಪ್ರಾಸ ರಗಳೆಯಲ್ಲಿ ಮೊದಲೇ ಇತ್ತು, ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲೆ ಹೊಸ ಕವಿತೆಯಲ್ಲಿ ಅದರದೇ ರಾಜ್ಯ. ಈ ಗಡಿಬಿಡಿಯಲ್ಲಿ ಸಮೀಪಪ್ರಾಸವನ್ನು ಸಾಲಿನ ತಲೆಯಿಂದ ಇಳಿಸಿ ಬಾಲಕ್ಕೆ ತರಬಹುದಿತ್ತಲ್ಲ ಎಂದು ಹೆಚ್ಚು ಮಂದಿಗೆ ಹೊಳೆಯಲಿಲ್ಲವೇನೋ. ನಾನು ಅದನ್ನೇ ಮಾಡುತ್ತೇನೆ.

ಅದಕ್ಕೆ ಮೊದಲು ಒಂದು ಸಂಗತಿ ಗಮನಿಸಬೇಕು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಅದರಲ್ಲೂ ಕೊನೆಯ ‘ಉ’ ಬಹಳ ಸಡಿಲ. ಬರೆಯುವಾಗ ‘ಧೂಳು’, ಬಾಯಲ್ಲಿ ‘ಧೂಳ್’. ಆದ್ದರಿಂದ ಕೊನೆಯ ಸ್ವರವೊಂದೇ ಕೂಡಿದರೆ ನಮ್ಮ ಕಿವಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮರ, ಕೆಲಸ, ಜನ ಎಂದು ಮೂರು ಸಾಲು ಮುಗಿಸಿ ನೋಡಿ, ಯಾರೂ ತಲೆದೂಗುವುದಿಲ್ಲ. ಭಾರ ಹೊರುವುದು ಆ ಸ್ವರಕ್ಕೆ ಹಿಂದಿನ ವ್ಯಂಜನ ಮತ್ತು ಅದರ ಹಿಂದಿನ ಅಕ್ಷರದ ತೂಕ, ಅಂದರೆ ಲಘುವೋ ಗುರುವೋ ಅನ್ನುವುದು. ಇವೆರಡನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಬದಲಿಸಿದರೆ ಅರೆಪ್ರಾಸ ನಿಲ್ಲುತ್ತದೆ. ‘ಧೂಳು’ ಮತ್ತು ‘ಸಾಲು’ ತೆಗೆದುಕೊಳ್ಳಿ. ಎರಡೂ ಗುರು-ಲಘು, ಊ ಹೋಗಿ ಆ ಬಂದಿದೆ, ಳಕಾರಕ್ಕೆ ಲಕಾರ ಎದುರಾಗಿದೆ. ಎರಡನೆಯ ಪದ ಮೊದಲನೆಯದನ್ನು ನೆನಪಿಸುತ್ತದೆ, ಆದರೆ ಅದರ ಕೈಗೆ ಚಪ್ಪಾಳೆ ಹೊಡೆಯುವುದಿಲ್ಲ.

ಕಿವಿ ಸ್ವರದ ವ್ಯತ್ಯಾಸವನ್ನು ಕ್ಷಮಿಸುತ್ತದೆ, ಲ-ಳ, ನ-ಣ, ಸ-ಶ ಇವನ್ನೂ ಕ್ಷಮಿಸುತ್ತದೆ. ಒತ್ತನ್ನು ಮಾತ್ರ ಕ್ಷಮಿಸುವುದಿಲ್ಲ. ‘ಬಸ್ಸು’ ಮತ್ತು ‘ಹಸಿವು’ ನನಗೆ ಬಹಳ ಬೇಕಾಗಿದ್ದ ಜೋಡಿ, ಅರ್ಥದಲ್ಲಿ ಎಷ್ಟು ಚೆನ್ನಾಗಿ ಎದುರಾಗುತ್ತವೆ! ಎರಡಕ್ಕೂ ಮೂರು ಮೂರು ಮಾತ್ರೆ ಬೇರೆ. ಆದರೆ ಒಂದರಲ್ಲಿ ಮೊದಲ ಅಕ್ಷರವೇ ಎರಡು ಮಾತ್ರೆ ನುಂಗಿ ಕೂತಿದೆ, ಇನ್ನೊಂದರಲ್ಲಿ ಮೂರು ಲಘುಗಳು ಪುಟುಪುಟು ಓಡುತ್ತವೆ. ಎಷ್ಟು ಸಲ ಓದಿದರೂ ಒಂದಕ್ಕೊಂದು ಸಂಬಂಧಿಕರಂತೆ ಕೇಳಿಸಲಿಲ್ಲ. ಹಳಬರು ಪ್ರಾಸಗಳಿಗೆ ಪ್ರಾಣಿಗಳ ಹೆಸರಿಟ್ಟಾಗ ಸಿಂಹವನ್ನೂ ಹಯವನ್ನೂ, ಅಂದರೆ ಒತ್ತಿಲ್ಲದ್ದನ್ನೂ ಒತ್ತಿರುವುದನ್ನೂ, ಬೇರೆ ಬೇರೆ ಕೊಟ್ಟಿಗೆಯಲ್ಲಿ ಕಟ್ಟಿದ್ದು ಸುಮ್ಮನೆ ಅಲ್ಲ.

ಈಗ ಅಜ್ಜಿಯ ಪದ್ಯಕ್ಕೆ ಬರೋಣ. ಮೊದಲು ಪ್ರತ್ಯಯಗಳನ್ನು ಕಿತ್ತೆ. ಸಾಲಿನ ಕೊನೆಗೆ ಬರಿಯ ನಾಮಪದ, ಅದೂ ಕಣ್ಣಿಗೆ ಕಾಣುವ ವಸ್ತು ಇರಲಿ ಅಂದುಕೊಂಡೆ. ‘ಬುಟ್ಟಿ’ ಮತ್ತು ‘ಕಟ್ಟೆ’ ಹೊಳೆಯಿತು. ತೂಕ ಸರಿ, ಒತ್ತು ಸರಿ, ಸ್ವರಗಳು ಬೇರೆ. ಲೆಕ್ಕದ ಪ್ರಕಾರ ನೂರಕ್ಕೆ ನೂರು. ಜೋರಾಗಿ ಓದಿದರೆ ‘ಟ್ಟ’ ತಮಟೆಯ ಪೆಟ್ಟಿನಂತೆ ಬಿತ್ತು. ಪೂರ್ಣಪ್ರಾಸಕ್ಕಿಂತ ಕಡಿಮೆ ಗದ್ದಲವೇನಿಲ್ಲ. ಸ್ಪರ್ಶ ವ್ಯಂಜನಗಳ ಒತ್ತು ಸ್ವರ ಬದಲಾದದ್ದನ್ನೇ ಮುಚ್ಚಿಹಾಕುತ್ತದೆ. ರ, ಲ, ಳ, ನ, ಮ ಇವುಗಳಲ್ಲಿ ಅರೆಪ್ರಾಸ ಮೆತ್ತಗೆ ಕೂರುತ್ತದೆ. ‘ಕಟ್ಟೆ’ ಬಿಟ್ಟು ಮಲ್ಲಿಗೆಯ ಕಡೆ ತಿರುಗಿದೆ. ಹಿಂದೆಯೇ ‘ಚಿಲ್ಲರೆ’ ಬಂತು. ಕುಣಿದುಬಿಟ್ಟೆ! ಎರಡೂ ಒಂದು ಗುರು, ಎರಡು ಲಘು. ನಡುವೆ ಎರಡರಲ್ಲೂ ‘ಲ್ಲ’, ಕೊನೆಗೆ ಎರಡರಲ್ಲೂ ‘ಎ’. ಮೊದಲನೆಯದರಲ್ಲಿ ಸ್ವರಗಳು ಅ, ಇ ಎಂದು ಬಂದರೆ ಎರಡನೆಯದರಲ್ಲಿ ಇ, ಅ ಎಂದು ಅದಲುಬದಲಾಗಿವೆ. ಅಜ್ಜಿಯ ವ್ಯಾಪಾರವೂ ಅಷ್ಟೇ ತಾನೆ, ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು.

ಕೊನೆಗೆ ಹೀಗೆ ನಿಂತಿತು:

ಕೊನೆಯ ಬಸ್ಸು ಬಿಟ್ಟು ಹೋದ ಧೂಳು
ಬುಟ್ಟಿಯೊಳಗೆ ಇಳಿಯುತ್ತಿದೆ. ಮಲ್ಲಿಗೆ
ಇನ್ನೂ ಎರಡು ಮೊಳ. ಅಂಗಡಿ ಸಾಲು
ಮುಚ್ಚಿದೆ. ಅಜ್ಜಿಯ ಮಡಿಲ ಚಿಲ್ಲರೆ
ಮತ್ತೆ ಎಣಿಸಿದರೂ ಅಷ್ಟೇ.

ಮೊದಲ ನಾಲ್ಕು ಸಾಲುಗಳು ಹದಿನೈದು, ಹದಿನಾರು ಮಾತ್ರೆಯ ಆಸುಪಾಸಿನಲ್ಲಿವೆ, ಗಣಗಳನ್ನು ಬಿಗಿದು ಕಟ್ಟಿಲ್ಲ. ಒಂದೇ ಒಂದು ವಾಕ್ಯವೂ ಪ್ರಾಸದ ಪದದಲ್ಲಿ ಮುಗಿಯುವುದಿಲ್ಲ. ‘ಧೂಳು’ ಅಂದ ಮೇಲೆ ನಿಲ್ಲಲು ಬರುವುದಿಲ್ಲ, ಏನಾಯಿತು ಎಂದು ಮುಂದಿನ ಸಾಲಿಗೆ ಹೋಗಲೇಬೇಕು. ಪೂರ್ಣವಿರಾಮಗಳು ಸಾಲಿನ ಹೊಟ್ಟೆಯಲ್ಲಿವೆ, ಕ್ರಿಯಾಪದಗಳೂ ಅಲ್ಲೇ ಅಡಗಿವೆ. ಕ್ರಿಯಾಪದವನ್ನು ಒಳಗೆ ಕಳಿಸಲು ವಾಕ್ಯವನ್ನು ತಿರುಚಿಲ್ಲ ಅನ್ನುವುದು ನನಗೆ ಮುಖ್ಯ. ‘ಎಣಿಸುತ್ತಾಳೆ ಚಿಲ್ಲರೆ’ ಎಂದು ಬರೆದಿದ್ದರೆ ಪ್ರಾಸ ಸಿಗುತ್ತಿತ್ತು, ಆದರೆ ಪ್ರಾಸಕ್ಕಾಗಿ ಮಾತು ತಲೆಕೆಳಗಾಯಿತು ಎಂದು ಓದುವವರು ತಕ್ಷಣ ಹಿಡಿಯುತ್ತಿದ್ದರು. ‘ಮೊಳ’ದ ಳಕಾರ ಧೂಳಿನ ಜೊತೆ ಸೇರಿದ್ದು ನಾನು ಕರೆಯದೆ ಬಂದ ನೆಂಟ, ಇರಲಿ ಎಂದು ಬಿಟ್ಟೆ.

ಇದರಲ್ಲಿ ಇನ್ನೊಂದು ಅಪಾಯವಿದೆ: ಅರೆಪ್ರಾಸವನ್ನು ಓದುಗರು ಕೈಲಾಗದ ಪ್ರಾಸ ಎಂದು ತಿಳಿಯುವುದು. ಎಮಿಲಿ ಡಿಕಿನ್ಸನ್ ತೀರಿಕೊಂಡ ಮೇಲೆ 1890ರಲ್ಲಿ ಅವಳ ಮೊದಲ ಸಂಕಲನ ತಂದ ಸಂಪಾದಕರು ಕೆಲವು ಪ್ರಾಸಗಳನ್ನು ತಿದ್ದಿ ನುಣುಪು ಮಾಡಿಯೇ ಅಚ್ಚಿಗೆ ಕೊಟ್ಟರು. ಅವಳು ಬರೆದಂತೆಯೇ ಸಮಗ್ರವಾಗಿ ಓದಲು ಥಾಮಸ್ ಜಾನ್ಸನ್ 1955ರಲ್ಲಿ ತಂದ ಆವೃತ್ತಿಯವರೆಗೆ ಕಾಯಬೇಕಾಯಿತು. ಈ ಗುಮಾನಿ ಬರುವುದು ಮೂರು ಪೂರ್ಣಪ್ರಾಸಗಳ ನಂತರ ಒಂದು ಅರೆಪ್ರಾಸ ಬಂದಾಗ. ಆಗ ಅದು ಎಡವಿದಂತೆ ಕೇಳುತ್ತದೆ. ಆದ್ದರಿಂದ ಮೊದಲ ಜೋಡಿಯೇ ಅರೆಯಾಗಿರಲಿ, ಅದೂ ಒಂದು ಸಾಲಿಗಿಂತ ಹೆಚ್ಚು ದೂರ ಬಿಡದೆ. ಪೂರ್ಣಪ್ರಾಸವಾದರೆ ಮೂರು ಸಾಲು ದಾಟಿ ಬಂದರೂ ಗುರುತು ಸಿಗುತ್ತದೆ, ಇದಕ್ಕೆ ಅಷ್ಟು ಆಯುಸ್ಸಿಲ್ಲ.

ಒಂದನೆಯ ಮಹಾಯುದ್ಧದಲ್ಲಿ ಸತ್ತ ವಿಲ್‌ಫ್ರೆಡ್ ಓವನ್, ಪದದ ವ್ಯಂಜನಗಳನ್ನೆಲ್ಲ ಹಾಗೇ ಉಳಿಸಿ ನಡುವಿನ ಸ್ವರವನ್ನು ಮಾತ್ರ ಬದಲಿಸುತ್ತಿದ್ದ. ಇಂಗ್ಲಿಷ್ ಪದ್ಯದಲ್ಲಿ ಪ್ರಾಸಕ್ಕೆ ಅಂಥ ಜೋಡಿ ಅಪರೂಪ, ಅದಕ್ಕೇ ಅವನ ಪದ್ಯಗಳಲ್ಲಿ ಅದು ಗಾಯದಂತೆ ಕೇಳುತ್ತದೆ. ಕನ್ನಡದಲ್ಲಿ ಅವು ರಾಶಿ ರಾಶಿ: ಕಾಲು, ಕೀಲು, ಕೋಲು, ಹಾಳು, ಹೂಳು, ಹೇಳು, ಹೋಳು. ನಾಲ್ಕನ್ನು ಒಟ್ಟಿಗೆ ಬಳಸಿದರೆ ಮಕ್ಕಳ ನಾಲಿಗೆ ಹೊರಳಿಸುವ ಆಟವಾಗುತ್ತದೆ, ತಪ್ಪಿಸಿಕೊಂಡು ಬಂದ ತೊಟ್ಟಿಲಿಗೇ ಮರಳಿದಂತೆ. ಪದ್ಯಕ್ಕೊಂದು ಜೋಡಿ ಸಾಕು, ಹೆಚ್ಚೆಂದರೆ.

ಅಜ್ಜಿಯ ಪದ್ಯ ಮುಂದುವರಿಯುತ್ತಿದೆ. ಎರಡನೆಯ ನುಡಿಯಲ್ಲಿ ಡಿಪೋಗೆ ಹಿಂತಿರುಗುವ ಖಾಲಿ ಬಸ್ಸು ಇದೆ, ಅದರೊಳಗೆ ಡಬ್ಬಿ ಬಿಚ್ಚಿದ ಕಂಡಕ್ಟರ್ ಇದ್ದಾನೆ. ‘ಸೀಟು’ ಮತ್ತು ‘ಊಟ’ ಎದುರುಬದುರು ಕೂತಿವೆ: ಎರಡೂ ಗುರು-ಲಘು, ನಡುವೆ ಟಕಾರ, ಕೊನೆಯ ಸ್ವರ ಬೇರೆ. ಟಕಾರವಾದರೂ ಒತ್ತಿಲ್ಲದ್ದರಿಂದ ತಮಟೆ ಬಾರಿಸುವುದಿಲ್ಲ. ‘ಊಟ’ವನ್ನು ಸಾಲಿನ ಕೊನೆಗೆ ಬಿಟ್ಟು ಅದರ ಕ್ರಿಯಾಪದವನ್ನು ಕೆಳಗಿನ ಸಾಲಿಗೆ ಇಳಿಸಿದ್ದೇನೆ, ‘ಸೀಟು’ ಮಾತ್ರ ಇನ್ನೂ ‘ಸೀಟಿನಲ್ಲಿ’ ಆಗಲು ಹವಣಿಸುತ್ತಿದೆ.