ಮೂಲೆಯಿಂದ ಹೊರಟ ಬೈತಲೆ

ನಮ್ಮ ಕರಾವಳಿಯ ಜಾಲಿ ಊರಿನ ಕಡಲ ಗಾಳಿಗೆ ಯಾರ ತಲೆಯ ಗುಟ್ಟೂ ಉಳಿಯುವುದಿಲ್ಲ. ಹಣೆಯ ಮೂಲೆಗಳು ಖಾಲಿಯಾದದ್ದನ್ನು ಮುಚ್ಚಲು ಕಿವಿಯ ಮೇಲಿನ ಕೂದಲನ್ನು ಅಡ್ಡಡ್ಡ ಎಳೆದು ತಂದವರು ಇಲ್ಲಿ ಒಂದು ಕೈಯನ್ನು ತಲೆಯ ಕಾವಲಿಗೇ ಬಿಡಬೇಕು. ಈ ಮುಚ್ಚುವ ವಿದ್ಯೆಗೆ 1977ರಲ್ಲಿ ಅಮೆರಿಕದ ಫ್ರ್ಯಾಂಕ್ ಸ್ಮಿತ್, ಡೊನಾಲ್ಡ್ ಸ್ಮಿತ್ ಎಂಬಿಬ್ಬರು ಪೇಟೆಂಟ್ ಕೂಡ ಪಡೆದಿದ್ದರು. 2004ರಲ್ಲಿ ಅದಕ್ಕೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು!

ಬಲ್ಲ ಕ್ಷೌರಿಕ ಮುಚ್ಚಲು ಹೋಗುವುದಿಲ್ಲ.

ಗಲ್ಫಿನಿಂದ ರಜೆಗೆ ಬಂದ ಮೂವತ್ತರ ಆಸುಪಾಸಿನ ಗಿರಾಕಿಯೊಬ್ಬ ಕುರ್ಚಿಯಲ್ಲಿ ಕುಳಿತಿದ್ದಾನೆ ಎನ್ನಿ. ಎಡಮೂಲೆ ಬಲಕ್ಕಿಂತ ಹೆಚ್ಚು ಒಳಗೆ ಹೋಗಿದೆ. “ಎದುರಿಗೆ ಉದ್ದ ಬಿಡಿ ಅಣ್ಣಾ, ಮೂಲೆ ಕಾಣಬಾರದು” ಎನ್ನುತ್ತಾನೆ. “ಮೂಲೆ ಕಾಣಲಿ ಮಾರಾಯ, ಮೊದಲು ಬದಿ ಸಣ್ಣ ಮಾಡುವ” ಎಂಬುದೇ ಇದಕ್ಕೆ ಸರಿಯಾದ ಉತ್ತರ. ಬದಿಯ ಕೂದಲು ಉಬ್ಬಿದಷ್ಟೂ ನೆತ್ತಿ ತೆಳುವಾಗಿ ಕಾಣುತ್ತದೆ. ಅದಕ್ಕೇ ಕಿವಿಯ ಬಳಿ ಎರಡನೇ ನಂಬರಿನ ಮಿಷನ್, ಅಂದರೆ ಸುಮಾರು 6 ಮಿಲಿಮೀಟರ್. ಮೇಲೇರಿದಂತೆ ನಾಲ್ಕನೇ ನಂಬರು. ನೆತ್ತಿಯಲ್ಲಿ ಒಂದೂವರೆ, ಎರಡು ಇಂಚು ಉಳಿಸಿ, ತುದಿಗಳನ್ನು ಕತ್ತರಿಯ ಮೊನೆಯಿಂದ ಏರುಪೇರಾಗಿ ಕಚ್ಚಿಸಿದರೆ ಕೂದಲು ಒಂದಕ್ಕೊಂದು ಆತು ನಿಲ್ಲುತ್ತದೆ.

ನಿಜವಾದ ರುಚಿ ಇರುವುದು ಬೈತಲೆಯಲ್ಲಿ. ಒದ್ದೆ ಕೂದಲನ್ನು ನೇರ ಹಿಂದಕ್ಕೆ ಬಾಚಿ, ಅಂಗೈಯಿಂದ ಮೆಲ್ಲನೆ ಮುಂದಕ್ಕೆ ತಳ್ಳಿದರೆ ಅದು ತಾನಾಗಿ ಎಲ್ಲಿ ಒಡೆಯುತ್ತದೆಂದು ತಿಳಿಯುತ್ತದೆ. ಈ ಗಿರಾಕಿಗೆ ಅದು ಎಡಕ್ಕೇ ಒಡೆದರೆ ಅದೃಷ್ಟ. ಆಳಕ್ಕೆ ಹೋದ ಮೂಲೆಯ ತುದಿಯಿಂದಲೇ ಬೈತಲೆ ತೆಗೆದರಾಯಿತು. ಆಗ ಖಾಲಿ ಜಾಗ ಕೂದಲು ಉದುರಿದ ಗುರುತಾಗದೆ ಬೈತಲೆಯ ಬಾಯಿಯಾಗಿ ಕಾಣುತ್ತದೆ. ಅಲ್ಲಿಂದ ಕೂದಲನ್ನು ಮೇಲಕ್ಕೆತ್ತಿ ಓರೆಯಾಗಿ ಹಿಂದಕ್ಕೆ ಬಾಚಿ, ಬಲಮೂಲೆಯನ್ನು ತೆರೆದೇ ಬಿಡಬೇಕು. ಬೈತಲೆ ಮೂಲೆಗಿಂತ ಕೆಳಗೆ, ಕಿವಿಯ ಕಡೆಗೆ ಜಾರಿತೋ, ಮತ್ತೆ ಸ್ಮಿತ್‌ರ ಪೇಟೆಂಟೇ!

ಹಾಳಾಗುವುದು ಸಾಮಾನ್ಯವಾಗಿ ಬ್ಲೇಡಿನಿಂದ. ಮುಂದಲೆಯ ಅಂಚು ನೇರವಾಗಲೆಂದು ಕೆರೆದರೆ, ಕೆಲವೇ ದಿನಗಳಲ್ಲಿ ಅಲ್ಲಿ ಮೊಳೆಯುವ ಗಡ್ಡದಂಥ ಕಪ್ಪು ಚುಕ್ಕೆಗಳು ಹಳೆಯ ಅಂಚು ಎಲ್ಲಿತ್ತೆಂದು ಎಲ್ಲರಿಗೂ ಹೇಳುತ್ತವೆ. ಬೈತಲೆಯನ್ನೂ ಬಾಚಣಿಗೆಯಲ್ಲೇ ತೆಗೆಯುವುದು ಲೇಸು. ಇನ್ನೊಂದು ಶತ್ರು ನಮ್ಮ ಪ್ರೀತಿಯ ಕೊಬ್ಬರಿ ಎಣ್ಣೆ. ಕರಾವಳಿಯ ಬೆವರಿನ ಜೊತೆ ಸೇರಿ ಅದು ಎಳೆಗಳನ್ನು ಜೊಂಪೆಜೊಂಪೆಯಾಗಿ ಅಂಟಿಸುತ್ತದೆ. ನಡುವೆ ಚರ್ಮ ಮಿಂಚುತ್ತದೆ. ಎಣ್ಣೆ ರಾತ್ರಿಗಿರಲಿ, ಹಗಲಿಗೆ ಹೊಳಪಿಲ್ಲದ ವ್ಯಾಕ್ಸ್ ಕಡಲೆಕಾಳಿನಷ್ಟು ಸಾಕು.

ಈ ಉಪಾಯಕ್ಕೂ ಮಿತಿಯಿದೆ. ಒದ್ದೆ ತಲೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿದಾಗ ಬೈತಲೆ ನೆತ್ತಿಯತ್ತ ಹೋದಂತೆ ಅಗಲವಾಗುತ್ತಿದ್ದರೆ, ಇಡೀ ತಲೆಗೆ ಒಂದೇ ನಂಬರಿನ ಮಿಷನ್ ಹಿಡಿಸುವುದೇ ಚೆಂದ. ಮೂಲೆಯಷ್ಟೇ ಹೋದವರು ಮೂರು, ನಾಲ್ಕು ವಾರಕ್ಕೊಮ್ಮೆ ಕುರ್ಚಿಗೆ ಬರಬೇಕು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗೂ ತುಸು ಹೆಚ್ಚೇ ಬೆಳೆಯುತ್ತದೆ, ಬದಿ ಮತ್ತೆ ಉಬ್ಬುತ್ತದೆ.