ಕಟ್ಟಾದ ನಾಲ್ಕು ನಿಮಿಷ

ನಮ್ಮ ಕಾಲೇಜಿನ ಗ್ರಂಥಪಾಲಕಿ ಮೇಡಂ ಹೋದ ತಿಂಗಳ ಕೊನೆಯ ದಿನ ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣಗಳನ್ನೆಲ್ಲ ಬರೆದು, ಟೈಪು ಮಾಡಿಸಿ, ಒಂದು ಸಣ್ಣ ನೆನಪಿನ ಹೊತ್ತಿಗೆ ಮಾಡಿ ಅವರಿಗೆ ಕೊಡೋಣ ಎಂದು ಸಿಬ್ಬಂದಿ ಸಂಘದವರು ತೀರ್ಮಾನಿಸಿದರು. ಕನ್ನಡ ಮೇಷ್ಟ್ರು ಎನ್ನುವ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಸಮಾರಂಭದ ದಿನ ನನ್ನ ಫೋನನ್ನೇ ರೆಕಾರ್ಡಿಂಗಿಗೆ ಇಟ್ಟು ವೇದಿಕೆಯ ಮೇಜಿನ ಮೇಲೆ, ಹೂವಿನ ಕುಂಡಕ್ಕೆ ಒರಗಿಸಿದ್ದೆ. ಒಂದು ಗಂಟೆ ನಲವತ್ತು ನಿಮಿಷದ ಧ್ವನಿ. ಅದನ್ನು ಬರೆದು ಮುಗಿಸಲು ನನಗೆ ಒಂಬತ್ತು ರಾತ್ರಿ ಬೇಕಾಯಿತು.

ಸಭೆಯಲ್ಲಿ ಕೂತು ಕೇಳುವುದಕ್ಕೂ ಇಯರ್‌ಫೋನ್ ಹಾಕಿಕೊಂಡು ಬರೆಯುತ್ತ ಕೇಳುವುದಕ್ಕೂ ಬಹಳ ವ್ಯತ್ಯಾಸ. ಸಭೆಯಲ್ಲಿ ನಮಗೆ ಕೇಳುವುದು ಮಾತು. ಫೋನಿಗೆ ಎಲ್ಲವೂ ಒಂದೇ. ಫ್ಯಾನಿನ ಕಿರ್ರು, ಹಂಚಿನ ಮೇಲೆ ಬಿದ್ದ ಮಳೆ, ಹಿಂದಿನ ಸಾಲಿನಲ್ಲಿ ಯಾರೋ ‘ಊಟಕ್ಕೆ ಹೋಳಿಗೆ ಇದೆಯಂತೆ’ ಎಂದದ್ದು, ಎಲ್ಲವೂ ಪ್ರಾಂಶುಪಾಲರ ಭಾಷಣದಷ್ಟೇ ಸ್ಪಷ್ಟವಾಗಿ ಬಂದಿದ್ದವು. ‘ಎರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂದವರು ಏಳು ಜನ. ಅವರಲ್ಲಿ ಒಬ್ಬರು ಇಪ್ಪತ್ತಾರು ನಿಮಿಷ ಮಾತಾಡಿದರು. ಹೊತ್ತಿಗೆಯಲ್ಲಿ ಅವರದು ಒಂದು ಪುಟ.

ಪ್ರಾಂಶುಪಾಲರು ‘ರಂಗನಾಥನ್ ಅವರು ಕಂಡುಹಿಡಿದ ಡ್ಯೂಯಿ ಪದ್ಧತಿಯನ್ನು ಮೇಡಂ ನಮ್ಮಲ್ಲಿ ಜಾರಿಗೆ ತಂದರು’ ಎಂದರು. ಆಗ ಮೈಕಿನಿಂದ ದೂರದಲ್ಲಿ ಮೇಡಂ ಮೆಲ್ಲಗೆ ಕೆಮ್ಮಿದ್ದು ರೆಕಾರ್ಡಿಂಗಿನಲ್ಲಿ ಇದೆ. ಆ ಕೆಮ್ಮು ನನಗೆ ವಿದ್ಯಾರ್ಥಿಯಾಗಿದ್ದಾಗಿನಿಂದ ಗೊತ್ತು. ತಪ್ಪು ಕಪಾಟಿನಲ್ಲಿ ಪುಸ್ತಕ ಇಟ್ಟಾಗ ಬರುತ್ತಿದ್ದ ಕೆಮ್ಮು ಅದು. ಕೊನೆಯಲ್ಲಿ ಅವರೇ ಮಾತಾಡುವಾಗ ಯಾರಿಗೂ ನೋವಾಗದ ಹಾಗೆ ಸರಿಪಡಿಸಿದರು: ‘ಡ್ಯೂಯಿ ಅಮೆರಿಕದವರು, 1876ರಲ್ಲೇ ಅವರ ಪದ್ಧತಿ ಅಚ್ಚಾಯಿತು. ನಮ್ಮ ರಂಗನಾಥನ್ ಅವರದು ಕೋಲನ್ ಪದ್ಧತಿ, 1933. ಇಬ್ಬರೂ ದೊಡ್ಡವರೇ, ಸಾರ್ ಇಬ್ಬರನ್ನೂ ಒಟ್ಟಿಗೆ ನೆನೆಸಿಕೊಂಡರು.’ ಚಪ್ಪಾಳೆ ಹೊಡೆದವರಲ್ಲಿ ಪ್ರಾಂಶುಪಾಲರೇ ಮೊದಲಿಗರು.

ಇಡೀ ರೆಕಾರ್ಡಿಂಗಿನಲ್ಲಿ ನಾನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದ್ದು ಲೈಬ್ರರಿ ಅಟೆಂಡರ್ ಆಡಿದ ಮಾತನ್ನು. ಏಳನೇ ಕ್ಲಾಸು ಓದಿದ ಮನುಷ್ಯ. ಮೈಕ್ ಕೈಗೆ ಕೊಟ್ಟಾಗ ಮೊದಲು ಅರ್ಧ ನಿಮಿಷ ಬರೀ ಉಸಿರು. ಆಮೇಲೆ, ‘ಕನ್ನಡ ಸಾಹಿತ್ಯ ಅಂದ್ರೆ 894.814. ನನ್ನ ಮನೆಯವಳ ಫೋನ್ ನಂಬರ್ ನಂಗೆ ಬಾಯಿಗೆ ಬರಲ್ಲ, ಇದು ಬರ್ತದೆ. ಮೇಡಮ್ಮೋರು ಕಲಿಸಿದ್ದು’ ಎಂದ. ಸಭೆ ನಕ್ಕಿತು. ನಂತರ ಅವನು ಹೇಳಿದ್ದು ಪುಸ್ತಕ ನೆನೆದ ವರ್ಷದ ಕತೆ.

ಜುಲೈ ತಿಂಗಳು. ರಾತ್ರಿ ಮರದ ಕೊಂಬೆ ಬಿದ್ದು ಹಂಚು ಒಡೆದು, ಬೆಳಿಗ್ಗೆ ಬಾಗಿಲು ತೆಗೆದಾಗ ಕನ್ನಡ ಕಾವ್ಯದ ಕಪಾಟಿನ ಮೇಲೆ ನೀರು ಸುರಿಯುತ್ತಿತ್ತು. ಅಟೆಂಡರ್ ಓಡಿಹೋಗಿ ಪುಸ್ತಕ ಎಳೆಯಲು ಹೋದ. ಮೇಡಂ ಬೇಡ ಎಂದರು. ನೀರು ಕುಡಿದ ಪುಸ್ತಕ ಊದಿಕೊಂಡು ಕಪಾಟಿನಲ್ಲಿ ಬಿಗಿಯಾಗಿರುತ್ತದೆ, ಮೇಲಿನ ಅಂಚು ಹಿಡಿದು ಎಳೆದರೆ ಬೆನ್ನು ಕೈಗೆ ಬರುತ್ತದೆ, ಪುಸ್ತಕ ಅಲ್ಲೇ ಉಳಿಯುತ್ತದೆ. ಸಾಲಿನ ಕೊನೆಯಿಂದ ಒಂದೊಂದೇ ಸಡಿಲಿಸಿ, ಎರಡು ಕೈಯಲ್ಲಿ ಮಗುವನ್ನು ಎತ್ತುವ ಹಾಗೆ ಎತ್ತಿ ತರಬೇಕು. ‘ನೂರೈವತ್ತು ಪುಸ್ತಕ ಹಂಗೇ ತಂದ್ವಿ’ ಎಂದು ಅವನು ಹೇಳಿದಾಗ ಹಿಂದಿನಿಂದ ಮೇಡಂ ದನಿ: ‘ನೂರ ಮೂವತ್ತೇಳು.’

ಮಳೆ ನಿಂತು ಬಿಸಿಲು ಬಂದ ಕೂಡಲೇ ಅಂಗಳಕ್ಕೆ ಹಾಕೋಣ ಎಂದು ಎಲ್ಲರೂ ಹೇಳಿದರಂತೆ. ಅದಕ್ಕೂ ಮೇಡಂ ಒಪ್ಪಲಿಲ್ಲ. ಬಿಸಿಲಿಗೆ ಹಾಕಿದರೆ ಹೊರಗಿನ ಹಾಳೆ ಹಪ್ಪಳವಾಗುತ್ತದೆ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ, ಬೆನ್ನಿನ ಅಂಟು ಬಿರುಕು ಬಿಡುತ್ತದೆ. ಹಾಗೆಂದು ನಿಧಾನ ಮಾಡುವಂತೆಯೂ ಇಲ್ಲ. ಮಲೆನಾಡಿನ ತೇವದಲ್ಲಿ ಎರಡು ದಿನ ಕಳೆದರೆ ಬೂಷ್ಟು ಹಿಡಿಯುತ್ತದೆ. ಸಭಾಂಗಣದ ಬೆಂಚುಗಳ ಮೇಲೆ ಪುಸ್ತಕಗಳನ್ನು ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಎಲ್ಲ ಫ್ಯಾನು ಹಾಕಿದರು. ನಡುನಡುವೆ ಇಡಲು ಹಳೆಯ ಪೇಪರ್ ತಂದವರನ್ನು ವಾಪಸು ಕಳಿಸಿದರು. ಒದ್ದೆ ಹಾಳೆಗೆ ಪೇಪರಿನ ಮಸಿ ಅಂಟಿದರೆ ಕವಿತೆಯ ಮೇಲೆ ಅಡಿಕೆ ಧಾರಣೆ ಮೂಡುತ್ತದೆ! ಪೇಟೆಯ ಪ್ರೆಸ್ಸಿನಿಂದ ಅಚ್ಚಾಗದ ನ್ಯೂಸ್‌ಪ್ರಿಂಟ್ ರೀಮು ತರಿಸಿ, ಕತ್ತರಿಸಿ, ಹತ್ತಿಪ್ಪತ್ತು ಹಾಳೆಗೊಂದರಂತೆ ಇಟ್ಟರು. ಒಂದೇ ಸಲ ತುಂಬಾ ತುರುಕಿದರೆ ಬೆನ್ನು ಬಿಚ್ಚಿಕೊಳ್ಳುತ್ತದೆ. ಕೆಲವು ಗಂಟೆಗೊಮ್ಮೆ ಒದ್ದೆಯಾದದ್ದನ್ನು ತೆಗೆದು ಒಣಗಿದ್ದು ಇಡಬೇಕು. ಐದು ದಿನ, ರಾತ್ರಿಯೂ ಸೇರಿ. ‘ಒಣಗಿತೋ ಇಲ್ವೋ ಅಂತ ಮೇಡಮ್ಮೋರು ಕೆನ್ನೆಗೆ ಇಟ್ಟು ನೋಡೋರು. ತಣ್ಣಗಿದ್ರೆ ಇನ್ನೂ ನೀರಿದೆ ಅಂತ ಲೆಕ್ಕ’ ಎಂದ ಅಟೆಂಡರ್.

ನುಣುಪು ಕಾಗದದ ಚಿತ್ರಪುಟಗಳಿದ್ದ ನಾಲ್ಕು ಪುಸ್ತಕ ಮಾತ್ರ ಇಟ್ಟಿಗೆಯಾದವು. ಆ ಕಾಗದದ ಮೇಲಿನ ಲೇಪ ಒದ್ದೆಯಾದರೆ ಅಂಟಾಗುತ್ತದೆ, ಪುಟಗಳು ಒಂದಕ್ಕೊಂದು ಕಚ್ಚಿಕೊಂಡು ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ. ಆ ನಾಲ್ಕನ್ನು ಮೇಡಂ ಬಿಸಾಡಲು ಬಿಡದೆ ತಮ್ಮ ಮೇಜಿನ ಕೆಳಗೆ ಇಟ್ಟುಕೊಂಡರು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ತೋರಿಸಲಿಕ್ಕೆ.

ಇನ್ನು ಆ ನಾಲ್ಕು ನಿಮಿಷದ ವಿಷಯ.

ಮೇಡಂ ತಮ್ಮ ಮಾತಿನ ನಡುವೆ ಸ್ಟಾಕ್ ವೆರಿಫಿಕೇಶನ್ ಪ್ರಸ್ತಾಪ ಮಾಡಿದರು. ವರ್ಷಕ್ಕೊಮ್ಮೆ ಪರಿಗ್ರಹಣ ವಹಿಯ ಒಂದೊಂದು ಸಂಖ್ಯೆಗೂ ಪುಸ್ತಕ ಹುಡುಕಿ ಗುರುತು ಹಾಕುವ ಕೆಲಸ. ಕೇಂದ್ರ ಸರ್ಕಾರದ ಹಣಕಾಸು ನಿಯಮದಲ್ಲಿ ಸಾವಿರ ಪುಸ್ತಕ ಓದುಗರ ಕೈಗೆ ಹೋದರೆ ಐದು ಕಳೆಯುವುದನ್ನು ಸಹಜವೆಂದು ಒಪ್ಪಿದ್ದಾರೆ, ಗ್ರಂಥಪಾಲಕರ ನಿರ್ಲಕ್ಷ್ಯವೋ ಅಪ್ರಾಮಾಣಿಕತೆಯೋ ಇಲ್ಲದಿದ್ದರೆ. ‘ಆದರೆ ಆಗಿನ ಕಾಲದಲ್ಲಿ ಇಲ್ಲಿ ಅದನ್ನು ಕೇಳುವವರು ಇರಲಿಲ್ಲ’ ಎಂದರು ಮೇಡಂ. ನಂತರ, ‘ಒಬ್ಬ ಹುಡುಗನ ವಿಷಯ ಹೇಳಿಬಿಡುತ್ತೇನೆ. ಅವನ ಹೆಸರು ಹೇಳುವುದಿಲ್ಲ. ಬಿ.ಎ. ಕೊನೆಯ ವರ್ಷದವನು...’

ಅಲ್ಲಿಗೆ ರೆಕಾರ್ಡಿಂಗ್ ನಿಂತುಹೋಗಿದೆ. ದಾರಿ ತಪ್ಪಿದ ಊಟದ ವ್ಯಾನಿನವನು ನನಗೆ ಕರೆ ಮಾಡಿದ್ದ. ನಾನು ಅದೇ ವ್ಯಾನನ್ನು ಕಾಯುತ್ತ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದೆ, ಫೋನು ವೇದಿಕೆಯ ಮೇಲಿತ್ತು. ಯಾರೋ ಕರೆ ಕತ್ತರಿಸಿದರು, ನಾಲ್ಕು ನಿಮಿಷದ ಮೇಲೆ ಯಾರಿಗೋ ಹೊಳೆದು ಮತ್ತೆ ಒತ್ತಿದರು. ಎರಡನೆಯ ಕಡತ ಜೋರು ಚಪ್ಪಾಳೆಯಿಂದ ಶುರುವಾಗುತ್ತದೆ. ಯಾರೋ ಮೂಗು ಸೊರಗುಟ್ಟಿಸುತ್ತಿದ್ದಾರೆ.

ಹೊತ್ತಿಗೆಗಾಗಿ ಆ ಭಾಗ ಬೇಕಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದೆ. ಆ ಹುಡುಗ ಪುಸ್ತಕ ಕದ್ದಿದ್ದ, ಮೇಡಂ ತಮ್ಮ ಸಂಬಳದಿಂದ ಕಟ್ಟಿದರು ಎಂದರು ಇತಿಹಾಸದವರು. ಕದ್ದದ್ದಲ್ಲ, ಮನೆಯಲ್ಲಿ ಬೆಂಕಿ ಬಿದ್ದು ಹೋದದ್ದು ಎಂದರು ಅರ್ಥಶಾಸ್ತ್ರದವರು. ಹತ್ತು ವರ್ಷದ ಮೇಲೆ ಅಂಚೆಯಲ್ಲಿ ವಾಪಸು ಬಂತು ಎಂದು ಇನ್ನೊಬ್ಬರು. ಹದಿನೈದು ದಿನದ ಹಿಂದೆ ಒಂದೇ ಹಾಲಿನಲ್ಲಿ ಕೂತು ಕೇಳಿದವರು ಇವರು!

ನನಗೆ ಬೇರೆಯೇ ಸಂಕಟ. ನಾನೂ ಇದೇ ಕಾಲೇಜಿನಲ್ಲಿ ಬಿ.ಎ. ಓದಿದವನು. ಕೊನೆಯ ವರ್ಷ, ಪರೀಕ್ಷೆಗೆ ಎರಡು ವಾರವಿದ್ದಾಗ, ಒಂದು ಸಾಹಿತ್ಯ ಪತ್ರಿಕೆಯ ಬೈಂಡು ಮಾಡಿದ ಸಂಪುಟದಿಂದ ಮೂರು ಹಾಳೆಗಳನ್ನು ಬ್ಲೇಡಿನಲ್ಲಿ ಕೊಯ್ದುಕೊಂಡು ಹೋಗಿದ್ದೆ. ಜೆರಾಕ್ಸಿಗೆ ಪುಟಕ್ಕೊಂದು ರೂಪಾಯಿ, ಆರು ಪುಟಕ್ಕೆ ಆರು ರೂಪಾಯಿ. ಊರಿಗೆ ಹೋಗುವ ಬಸ್ಸಿನ ಚಾರ್ಜನ್ನು ಬಿಟ್ಟರೆ ಜೇಬಿನಲ್ಲಿ ಬೇರೆ ಇರಲಿಲ್ಲ. ಇದು ಸಬೂಬು ಎಂದು ಗೊತ್ತು. ಆಮೇಲೆ ಅದೇ ಕಾಲೇಜಿಗೆ ಮೇಷ್ಟ್ರಾಗಿ ಬಂದೆ, ಮೇಡಂ ನನ್ನನ್ನು ‘ಸರ್, ನೀವು’ ಎನ್ನತೊಡಗಿದರು, ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ಕಾಫಿ ಕುಡಿದೆವು. ಹೇಳಲಿಲ್ಲ. ಆ ಸಂಪುಟ ಇದ್ದ ಕಪಾಟಿನ ಕಡೆ ನಾನು ಹೋಗುವುದೇ ಕಡಿಮೆ.

ಕೊನೆಗೆ ಒಂದು ಭಾನುವಾರ ಬರೆದದ್ದನ್ನೆಲ್ಲ ತೆಗೆದುಕೊಂಡು ಅವರ ಮನೆಗೆ ಹೋದೆ. ಮೇಡಂ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಓದಿದರು. ನೂರೈವತ್ತನ್ನು ಹೊಡೆದು 137 ಮಾಡಿದರು. ಖಾಲಿ ಬಿಟ್ಟ ಅರ್ಧ ಪುಟಕ್ಕೆ ಬಂದಾಗ ತಲೆಯೆತ್ತಿದರು.

‘ಇಲ್ಲಿ ನೀವು ಹೇಳಿದ್ದು ಬಿದ್ದುಹೋಗಿದೆ ಮೇಡಂ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ’ ಎಂದೆ.

‘ಹಾಗೇ ಬಿಡಿ ಸರ್. ನಾಲ್ಕು ನಿಮಿಷ ಇಲ್ಲ ಅಂತ ಬರೆಯಿರಿ. ಇಲ್ಲದ್ದನ್ನು ಇದೆ ಅಂತ ವಹಿಯಲ್ಲಿ ಬರೆಯೋ ಹಾಗಿಲ್ಲ.’

ನಾನು ಎದ್ದು ಬರಬಹುದಿತ್ತು. ಆದರೆ ಬಾಯಿ ತಾನಾಗಿಯೇ ತೆರೆಯಿತು. ಬ್ಲೇಡು, ಹಾಳೆ, ಆರು ರೂಪಾಯಿ ಎಲ್ಲ ಹೇಳಿದೆ. ಅವತ್ತು ನೀವು ಹೇಳಿದ ಹುಡುಗ ನಾನೇ ಇರಬೇಕು ಎಂದೆ.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ‘ಅಲ್ಲ’ ಎಂದರು. ‘ಅವನು ಬೇರೆ. ನಿಮ್ಮದು ಆ ಲೆಕ್ಕದಲ್ಲಿ ಬರೋದಿಲ್ಲ. ಸಂಪುಟ ಕಪಾಟಿನಲ್ಲೇ ಇತ್ತಲ್ಲ, ಕಳೆದದ್ದು ಅಂತ ಹೇಗೆ ಬರೆಯಲಿ?’

ಅಂದರೆ ಅವರಿಗೆ ಗೊತ್ತಿತ್ತು. ನನ್ನ ಹೆಸರಿನ ಸ್ಲಿಪ್ಪೇ ಆ ವಾರದ ಕೊನೆಯ ಸ್ಲಿಪ್ಪಾಗಿತ್ತು, ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಆಮೇಲೆ ಅದನ್ನು ಕೇಳಿ ಬಂದವರಿಗೆಲ್ಲ ‘ಮೂರು ಹಾಳೆ ಇಲ್ಲ’ ಎಂದು ಮೊದಲೇ ಹೇಳಿ ಕೊಡುತ್ತಿದ್ದರಂತೆ.

‘ಹಾಳೆ ಇದೆಯೋ, ಎಸೆದೆಯೋ?’ ಎಂದರು. ಎಷ್ಟೋ ವರ್ಷದ ಮೇಲೆ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ.

‘ಇದೆ ಮೇಡಂ. ಹಳೇ ನೋಟ್ಸಿನಲ್ಲಿ.’

‘ಸೆಲ್ಲೋಟೇಪ್ ಹಚ್ಚಬೇಡ, ಕೆಲವು ವರ್ಷಕ್ಕೆ ಹಳದಿಯಾಗಿ ಅಕ್ಷರ ತಿನ್ನುತ್ತದೆ. ಮೈದಾ ಅಂಟು ಕಾಯಿಸು, ಹುಳ ಬರದ ಹಾಗೆ ಚಿಟಿಕೆ ಮೈಲುತುತ್ತ ಹಾಕು. ಕೊಯ್ದ ಕಡೆ ಒಳಗೆ ಸ್ವಲ್ಪ ಅಂಚು ಉಳಿದಿರುತ್ತದೆ, ಅದಕ್ಕೆ ದಾರದಷ್ಟು ಅಗಲ ಅಂಟು ಸವರಿ ಹಾಳೆ ಕೂರಿಸು. ಜಾಸ್ತಿ ಹಚ್ಚಿದರೆ ಪಕ್ಕದ ಹಾಳೆಯೂ ಹಿಡಿದುಕೊಳ್ಳುತ್ತದೆ. ಎರಡೂ ಕಡೆ ಬೆಣ್ಣೆಕಾಗದ ಇಟ್ಟು ರಾತ್ರಿಯಿಡೀ ಭಾರ ಹೇರು. ಪುಟಸಂಖ್ಯೆ ನೋಡಿಕೊಂಡು ಅಂಟಿಸು, ಅವಸರದಲ್ಲಿ ತಲೆಕೆಳಗು ಮಾಡೀಯ.’

ಸೋಮವಾರ ಅಟೆಂಡರನಿಂದ ಬೀಗದ ಕೈ ಇಸಿದುಕೊಂಡು ಹೋದೆ. ಸಂಪುಟ ಅಲ್ಲೇ ಇತ್ತು. ಕೊಯ್ದ ಜಾಗದಲ್ಲಿ ಒಂದು ಸಣ್ಣ ಚೀಟಿ, ಮೇಡಂ ಕೈಬರಹ: ‘ಪುಟ 41ರಿಂದ 46, ಬರಬೇಕಾಗಿದೆ.’